‘ಹೋಪ್ ಯು ಆರ್ ಡೂಯಿಂಗ್ ಗುಡ್’ ಎಂದು ಪತ್ರ ಆರಂಭಿಸಬಹುದೇ?

ಶಿರಸಿಯ ಪದವಿ ವಿದ್ಯಾರ್ಥಿಗಳು ಕೆಲಸ ಕೇಳಿ ಬರೆಯುವ ಇಂಗ್ಲಿಷ್ ಇಮೇಲ್‌ಗಳಲ್ಲಿಯೂ ಕಾರವಾರದ ಕಚೇರಿಗಳಿಂದ ಹೊರಡುವ ಪತ್ರಗಳಲ್ಲಿಯೂ ಈ ಸಾಲು ಈಗ ಸಾಮಾನ್ಯವಾಗಿದೆ. ‘ಗುಡ್’ ಇರುವ ಜಾಗದಲ್ಲಿ ‘ವೆಲ್’ ಇರಬೇಕೆಂದು ಕೆಲವರು ತಿದ್ದುತ್ತಾರೆ. ತಿದ್ದುವುದು ಸರಿಯೇ?

ಪರ: ‘ಗುಡ್’ ಇರಲಿ

ತಿದ್ದುವವರಲ್ಲಿ ಅನೇಕರು ತಿದ್ದಬಾರದ ಕಡೆಯಲ್ಲಿಯೂ ತಿದ್ದುತ್ತಾರೆ ಎಂಬುದನ್ನು ಮೊದಲು ಹೇಳಬೇಕು. ‘ಹೌ ಆರ್ ಯು’ ಎಂಬ ಪ್ರಶ್ನೆಗೆ ‘ಐ ಆಮ್ ಗುಡ್’ ಎಂದು ಉತ್ತರಿಸಿದರೆ ವ್ಯಾಕರಣದ ದೃಷ್ಟಿಯಿಂದ ಯಾವ ದೋಷವೂ ಇಲ್ಲ. ‘ಆಮ್’ ಎಂಬುದು ಕರ್ತೃವನ್ನು ಅದರ ಗುಣದೊಂದಿಗೆ ಜೋಡಿಸುವ ಕ್ರಿಯಾಪದವಾದ್ದರಿಂದ ಅದರ ಮುಂದೆ ಗುಣವಾಚಕವೇ ಬರುತ್ತದೆ. ‘ಫೀಲ್’, ‘ಲುಕ್’, ‘ಸ್ಮೆಲ್’ ಎಂಬವುಗಳಿಗೂ ಈ ಅರ್ಥದಲ್ಲಿ ಇದೇ ನಿಯಮ. ಮೀನುಸಾರಿನ ಪರಿಮಳವನ್ನು ಹೊಗಳುವಾಗ ‘ಸ್ಮೆಲ್ಸ್ ಗುಡ್’ ಎನ್ನಬೇಕು, ‘ಸ್ಮೆಲ್ಸ್ ವೆಲ್’ ಎಂದರೆ ತಪ್ಪಾಗುತ್ತದೆ. ‘ಐ ಆಮ್ ವೆಲ್’ ಎಂಬಲ್ಲಿಯ ‘ವೆಲ್’ ಕೂಡ ಆರೋಗ್ಯವಾಗಿರುವ ಸ್ಥಿತಿಯನ್ನು ಹೇಳುವ ಗುಣವಾಚಕವೇ ಹೊರತು ಕ್ರಿಯಾವಿಶೇಷಣವಲ್ಲ.

ಅತಿಯಾದ ತಿದ್ದುಪಡಿಯ ಫಲವನ್ನು ನಾವು ಕಾಣುತ್ತಲೇ ಇದ್ದೇವೆ. ‘ಗುಡ್’ ಎಂಬ ಪದವೇ ಅಪಾಯಕಾರಿ ಎಂದು ಹೆದರಿದ ವಿದ್ಯಾರ್ಥಿಯು ಸಂದರ್ಶನ ಚೆನ್ನಾಗಿ ಆಯಿತೆಂಬ ಸಮಾಧಾನವನ್ನು ಹೇಳಲು ‘ಐ ಫೀಲ್ ವೆಲ್ ಅಬೌಟ್ ದಿ ಇಂಟರ್ವ್ಯೂ’ ಎಂದು ಬರೆಯುತ್ತಾನೆ. ಅಲ್ಲಿ ಬೇಕಾದದ್ದು ‘ಫೀಲ್ ಗುಡ್’, ಏಕೆಂದರೆ ‘ಫೀಲ್ ವೆಲ್’ ಎಂದರೆ ಮೈಯಲ್ಲಿ ಹುಷಾರಾಗಿದ್ದೇನೆ ಎಂದಷ್ಟೇ ಅರ್ಥ.

ಇನ್ನು ‘ಡೂಯಿಂಗ್ ಗುಡ್’ ಎಂಬುದರ ವಿಷಯ. ‘ಗುಡ್’ ಪದವನ್ನು ಕ್ರಿಯಾವಿಶೇಷಣವಾಗಿ ಬಳಸುವುದು ಇಂಗ್ಲಿಷಿನಲ್ಲಿ ಶತಮಾನಗಳಷ್ಟು ಹಳೆಯದು, ಅಮೆರಿಕದ ಮಾತಿನಲ್ಲಂತೂ ದಿನನಿತ್ಯದ್ದು. ‘ಡೂಯಿಂಗ್ ಗ್ರೇಟ್’ ಎಂದಾಗ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ, ‘ಗ್ರೇಟ್’ ಮೂಲತಃ ಗುಣವಾಚಕವಾಗಿದ್ದರೂ. ನಮ್ಮ ಕಡೆಯ ‘ಆರಾಮಿದ್ರಾ’ ಎಂಬಂತೆ ಅದು ಮಾತಿಗೆ ಬಾಗಿಲು ತೆರೆಯುವ ಸಾಲು. ಅದನ್ನು ಓದಿ ಯಾರೂ ‘ನೀವು ದಾನಧರ್ಮ ಮಾಡುತ್ತಿದ್ದೀರೆಂದು ಭಾವಿಸುತ್ತೇನೆ’ ಎಂದು ಅರ್ಥ ಮಾಡಿಕೊಳ್ಳುವುದಿಲ್ಲ.

ವಿರೋಧ: ಪತ್ರದಲ್ಲಿ ‘ವೆಲ್’ ಬೇಕು

‘ಐ ಆಮ್ ಗುಡ್’ ಸರಿಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ‘ಡೂಯಿಂಗ್ ಗುಡ್’ ಸರಿಯೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಎರಡರ ಕ್ರಿಯಾಪದಗಳು ಬೇರೆ. ಕ್ರಿಯಾಪದವನ್ನು ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಿದರೆ ಇದು ತಿಳಿಯುತ್ತದೆ. ‘ಸಾರು ಸ್ಮೆಲ್ಸ್ ಗುಡ್’ ಎಂಬುದನ್ನು ‘ಸಾರು ಈಸ್ ಗುಡ್’ ಎಂದು ಮಾಡಿದರೂ ಮಾತು ನಿಲ್ಲುತ್ತದೆ. ‘ಅವಳು ಈಸ್ ಡೂಯಿಂಗ್ ಗುಡ್’ ಎಂಬುದನ್ನು ‘ಅವಳು ಈಸ್ ಗುಡ್’ ಎಂದು ಮಾಡಿದರೆ ಆಕೆಯ ದಿನಗಳು ಹೇಗೆ ಸಾಗುತ್ತಿವೆ ಎಂಬ ಅರ್ಥ ಹೋಗಿ, ಆಕೆ ಒಳ್ಳೆಯವಳು ಎಂಬ ಅರ್ಥವೂ ಬರಬಹುದು. ಬದುಕು ಸಾಗುವ ಬಗೆಯನ್ನು ಹೇಳುವ ‘ಡೂಯಿಂಗ್’ ಪದಕ್ಕೆ ಶಿಷ್ಟ ಬರಹದಲ್ಲಿ ಕ್ರಿಯಾವಿಶೇಷಣ ಬೇಕು. ವಿರುದ್ಧ ಪದವನ್ನು ಇಟ್ಟರೂ ಇದೇ ಕಾಣುತ್ತದೆ: ಪತ್ರದಲ್ಲಿ ‘ಡೂಯಿಂಗ್ ಬ್ಯಾಡ್ಲಿ’ ಎನ್ನುತ್ತೇವೆ, ‘ಡೂಯಿಂಗ್ ಬ್ಯಾಡ್’ ಎನ್ನುವುದಿಲ್ಲ. ‘ಡೂಯಿಂಗ್ ಗ್ರೇಟ್’ ಕೂಡ ಗೆಳೆಯರ ನಡುವಿನ ಮಾತೇ, ಅರ್ಜಿಯ ಭಾಷೆಯಲ್ಲ.

ಈ ವ್ಯತ್ಯಾಸ ನಮಗೆ ಸಹಜವಾಗಿ ಕೇಳಿಸದಿರಲು ಕಾರಣ ನಮ್ಮ ಭಾಷೆಯಲ್ಲೇ ಇದೆ. ‘ಊಟ ಚೆನ್ನಾಗಿದೆ’, ‘ಅವಳು ಚೆನ್ನಾಗಿ ಹಾಡಿದಳು’ ಎಂಬ ಎರಡು ಕಡೆಯೂ ನಮಗೆ ‘ಚೆನ್ನಾಗಿ’ ಒಂದೇ ಸಾಕು, ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಗುಡ್’, ಎರಡನೆಯದಕ್ಕೆ ‘ವೆಲ್’ ಬೇಕಾಗುತ್ತದೆ. ಇಂಗ್ಲಿಷ್ ಕೂಡ ಒಂದು ಕಡೆ ಈ ಗೆರೆಯನ್ನು ಅಳಿಸುತ್ತದೆ: ಎರಡಕ್ಕೂ ಹೋಲಿಕೆಯ ರೂಪ ‘ಬೆಟರ್’ ಒಂದೇ. ಆದ್ದರಿಂದ ‘ಡೂಯಿಂಗ್ ಬೆಟರ್’ ಎಂದು ಬರೆದವರು ಎಡವುವುದೇ ಇಲ್ಲ.

ಗೊಂದಲವಾಗದು ಎಂಬ ವಾದವೂ ಎಲ್ಲ ಕಡೆ ನಡೆಯದು. ಕುಮಟಾದ ಒಂದು ಸೇವಾಸಂಸ್ಥೆಗೆ ‘ಯುವರ್ ಟ್ರಸ್ಟ್ ಈಸ್ ಡೂಯಿಂಗ್ ಗುಡ್’ ಎಂದು ಬರೆದರೆ, ಅದು ಜನರಿಗೆ ಒಳಿತು ಮಾಡುತ್ತಿದೆ ಎಂದೇ ಓದಬೇಕು, ಏಕೆಂದರೆ ಅಲ್ಲಿ ‘ಗುಡ್’ ನಾಮಪದ. ಅದರ ಹಣಕಾಸು ಸುಸ್ಥಿತಿಯಲ್ಲಿದೆ ಎಂದು ಹೇಳಬೇಕಾದರೆ ‘ಡೂಯಿಂಗ್ ವೆಲ್’ ಅನಿವಾರ್ಯ. ಒಳಿತು ಮಾಡುತ್ತಲೇ ಸಾಲದಲ್ಲಿ ಮುಳುಗಿರುವ ಸಂಸ್ಥೆಯ ವಿಷಯದಲ್ಲಿ ಈ ಎರಡು ಮಾತುಗಳಲ್ಲಿ ಒಂದು ನಿಜ, ಇನ್ನೊಂದು ಸುಳ್ಳು.

ಶಸ್ತ್ರಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲಧಿಕಾರಿಗೆ ಕಾರವಾರದಿಂದ ಪತ್ರ ಹೋಗುವಾಗ ನಾನು ‘ಐ ಹೋಪ್ ಯು ಆರ್ ವೆಲ್’ ಎಂದೇ ಬರೆಸುತ್ತೇನೆ, ಏಕೆಂದರೆ ಅಲ್ಲಿ ನಿಜವಾಗಿ ವಿಚಾರಿಸುವುದು ದೇಹಸ್ಥಿತಿಯನ್ನು. ಆರೋಗ್ಯದ ಪ್ರಸ್ತಾಪವಿಲ್ಲದ ಅರ್ಜಿಗಳಿಗೆ ‘ಐ ಹೋಪ್ ಯು ಆರ್ ಡೂಯಿಂಗ್ ವೆಲ್’ ಸಾಕು. ಗೆಳೆಯನಿಗೆ ಕಳಿಸುವ ವಾಟ್ಸ್ಆ್ಯಪ್ ಸಂದೇಶದಲ್ಲಿ ‘ಗುಡ್’ ಇದ್ದರೆ ನಾನು ತಿದ್ದುವುದಿಲ್ಲ.