ಮಗುವಿನ ಕೋಣೆಯನ್ನು ರಾತ್ರಿ ಎರಡು ಗಂಟೆಗೆ ನೋಡಿ

ಮೊದಲ ಮಗುವಿನ ಹೊತ್ತಿಗೆ ನಾನು ಕೋಣೆ ಸಿದ್ಧ ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ. ಕಿಟಕಿ ಪಕ್ಕದಲ್ಲಿ ಕಾಟ್, ಅದರ ಕಂಬಿಗಳಿಗೆ ಸುತ್ತಲೂ ಬಣ್ಣದ ಬಂಪರ್ ದಿಂಬು, ಮೂಲೆಯಲ್ಲಿ ಹಾಲು ಕುಡಿಸಲು ಅಂತ ಮೆತ್ತನೆಯ ಕುರ್ಚಿ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ನಿಜ ಹೇಳಬೇಕೆಂದರೆ ಆ ಕೋಣೆ ಚೆನ್ನಾಗಿದ್ದದ್ದು ಫೋಟೋದಲ್ಲಿ ಮಾತ್ರ.

ಹುಟ್ಟಿದ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಅದರಲ್ಲಿ ಮೂರ್ನಾಲ್ಕು ಸಲವಾದರೂ ನಡುರಾತ್ರಿಗೇ ಬೀಳುತ್ತದೆ. ಆ ಕೋಣೆಯಲ್ಲಿ ಆಗ ಓಡಾಡುವವಳು ಅರ್ಧ ನಿದ್ದೆಯಲ್ಲಿರುವ, ಒಂದು ಕೈ ಮಾತ್ರ ಖಾಲಿ ಇರುವ ಹೆಂಗಸು. ನಾನು ಕೋಣೆ ಜೋಡಿಸಿದ್ದು ಅವಳಿಗಾಗಿ ಅಲ್ಲವೇ ಅಲ್ಲ.

ಮೂರನೇ ವಾರ ಇರಬೇಕು. ಹಾಸಿಗೆಯಲ್ಲಿ ಕೂತರೆ ನಿದ್ದೆ ಬಂದುಬಿಡುತ್ತದೆ ಅಂತ ಹೆದರಿ ಆ ಕುರ್ಚಿಗೆ ಬಂದು ಕೂತೆ. ಕೂತಲ್ಲೇ ಕಣ್ಣು ಮುಚ್ಚಿತು. ಕತ್ತು ನೋವಿಗೆ ಎಚ್ಚರವಾದಾಗ ಮಗು ನನ್ನ ಮೊಣಕೈಗೂ ಕುರ್ಚಿಯ ತೋಳಿಗೂ ನಡುವಿನ ಸಂದಿಗೆ ಜಾರಿತ್ತು. ಮುಖ ಮೆತ್ತೆಯ ಕಡೆಗಿತ್ತು. ಏನೂ ಆಗಲಿಲ್ಲ, ಪುಣ್ಯ. ಆಮೇಲೆ ಮಕ್ಕಳ ಡಾಕ್ಟರ್ ಹತ್ತಿರ ಹೇಳಿದಾಗ ಗೊತ್ತಾಯಿತು, ಮಗುವನ್ನು ಎತ್ತಿಕೊಂಡು ನಿದ್ದೆಗೆ ಜಾರಲು ಅತಿ ಅಪಾಯದ ಜಾಗ ಸೋಫಾ ಮತ್ತು ಇಂಥ ಮೆತ್ತನೆ ಕುರ್ಚಿಯೇ. ದೊಡ್ಡವರ ಹಾಸಿಗೆಗಿಂತಲೂ ಜಾಸ್ತಿ ಅಪಾಯ. ಮೂಗು, ಬಾಯಿ ಮೆತ್ತೆಗೆ ಒತ್ತಿಕೊಂಡರೆ ಅಷ್ಟು ಚಿಕ್ಕ ಮಗು ತಲೆ ಎತ್ತಿ ತಪ್ಪಿಸಿಕೊಳ್ಳಲಾರದು. ಯಾವುದಕ್ಕೆ ಹೆದರಿ ಎದ್ದು ಬಂದೆನೋ, ಅದಕ್ಕಿಂತ ಕೆಟ್ಟ ಜಾಗದಲ್ಲಿ ಹೋಗಿ ಕೂತಿದ್ದೆ!

ಎರಡನೇ ಮಗುವಿಗೆ ಪ್ರತ್ಯೇಕ ಕೋಣೆಯ ಆಸೆಯನ್ನೇ ಬಿಟ್ಟೆ. ಮೊದಲ ಆರು ತಿಂಗಳಾದರೂ ಮಗು ನಮ್ಮ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಲಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಹೇಳುತ್ತದೆ. ಕಾಟ್ ನನ್ನ ಮಗ್ಗುಲಿಗೇ, ಕೈಗೆಟುಕುವಷ್ಟು ಹತ್ತಿರ ಬಂತು. ಹಾಲು ಕುಡಿಸುವುದು ನಮ್ಮ ಮಂಚದ ಮೇಲೇ. ಬೆನ್ನಿಗೆ ಒಂದು ದಿಂಬು, ಮಿಕ್ಕ ದಿಂಬು, ಹೊದಿಕೆ ಎಲ್ಲ ಕಾಲ ಬಳಿಗೆ. ಅಕಸ್ಮಾತ್ ತೂಕಡಿಸಿದರೂ ಮುಖಕ್ಕೆ ಮುಚ್ಚಿಕೊಳ್ಳುವಂಥದ್ದು ಅಲ್ಲಿ ಇರಬಾರದು. ಎಚ್ಚರವಾದ ಕೂಡಲೇ ಮಗುವನ್ನು ಕಾಟಿಗೆ ಅಂಗಾತ ಮಲಗಿಸುತ್ತಿದ್ದೆ.

ಕಾಟ್ ಒಳಗೆ ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಬಿಗಿಯಾಗಿ ಕೂರುವ ಒಂದು ಬೆಡ್‌ಶೀಟ್, ಅಷ್ಟೇ. ಬಂಪರ್ ಕಸಕ್ಕೆ ಹೋಯಿತು. ಹಾಸಿಗೆಯ ಅಂಚಿಗೂ ಕಂಬಿಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಇದ್ದರೆ ಆ ಹಾಸಿಗೆ ಅದಕ್ಕೆ ಹೊಂದುವುದಿಲ್ಲ. ಕಿಟಕಿ, ಪರದೆಯ ದಾರ, ಚಾರ್ಜರ್ ವೈರ್ ಎಲ್ಲದರಿಂದ ಕಾಟ್ ದೂರ. ಅದರ ನೇರ ಮೇಲೆ ಶೆಲ್ಫ್, ಫೋಟೋ ಫ್ರೇಮ್ ಯಾವುದೂ ಬೇಡ.

ಬೆಳಕಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೊದಲ ಸಲ ಸೀಲಿಂಗ್ ಲೈಟ್ ಹಾಕುತ್ತಿದ್ದೆ. ಮಗು ಕಣ್ಣು ಕಿವುಚುತ್ತಿತ್ತು, ನನಗೆ ಮತ್ತೆ ನಿದ್ದೆ ಹತ್ತಲು ಒಂದು ಗಂಟೆ ಬೇಕಾಗುತ್ತಿತ್ತು. ಮಗುವಿಗೆ ಹಗಲು ರಾತ್ರಿಯ ಲೆಕ್ಕ ಕೂರಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಮಂದ ಬೆಳಕಿನ ಲಾಭ ಜಾಸ್ತಿ ತಾಯಿಗೇ. ಬಿಳಿ, ನೀಲಿ ಛಾಯೆಯ ಬೆಳಕು ನಿದ್ದೆ ತರಿಸುವ ಹಾರ್ಮೋನನ್ನು ತಡೆಯುತ್ತದೆ. ಹಳದಿ ಬೆಳಕಿನ ಚಿಕ್ಕ ದೀಪವನ್ನು ಮಂಚಕ್ಕಿಂತ ಕೆಳಗೆ, ನನ್ನ ಬೆನ್ನ ಹಿಂದೆ ಇಟ್ಟೆ. ಬಲ್ಬಿನ ಬೆಳಕು ಮಗುವಿನ ಕಣ್ಣಿಗೆ ನೇರ ಬೀಳಬಾರದು, ಆದರೆ ಮಗು ಮೊಲೆಯನ್ನು ಬಾಯಲ್ಲಿ ಸರಿಯಾಗಿ ಹಿಡಿದಿದೆಯಾ ಅಂತ ನನಗೆ ಕಾಣಬೇಕು. ಪೂರ್ತಿ ಕೆಂಪು ದೀಪ ನನಗೆ ಹಿಡಿಸಲಿಲ್ಲ. ಅದರಲ್ಲಿ ಡೈಪರ್ ಜಾಗ ಕೆಂಪಾಗಿದ್ದರೂ ಗೊತ್ತಾಗುವುದಿಲ್ಲ. ಹಳದಿ ದೀಪವೂ ಮೋಸ ಮಾಡುತ್ತದೆ, ಕಾಮಾಲೆ ಇದೆಯಾ ಅಂತ ಯಾವಾಗಲೂ ಹಗಲು ಬೆಳಕಲ್ಲೇ ನೋಡಬೇಕು. ಇನ್ನೊಂದು, ಬೆಳಕು ಜಾಸ್ತಿ ಅಂತ ದೀಪದ ಮೇಲೆ ಬಟ್ಟೆ ಹೊದಿಸಬೇಡಿ, ಬಿಸಿಗೆ ಹೊತ್ತಿಕೊಳ್ಳಬಹುದು.

ಹೆರಿಗೆಗೆ ಎರಡು ವಾರ ಇರುವಾಗ, ರಾತ್ರಿ ಎರಡಕ್ಕೆ ಅಲಾರಂ ಇಟ್ಟು, ಮೂರು ಕೆಜಿ ತೂಕದ ಟವೆಲ್ ಗಂಟು ಹಿಡಿದು ಪೂರ್ತಿ ರಿಹರ್ಸಲ್ ಮಾಡಿದೆ. ನಮ್ಮವರು ನಕ್ಕರು. ನಗಲಿ ಬಿಡಿ. ನೀರಿನ ಬಾಟಲಿ, ಬಟ್ಟೆ, ಡೈಪರ್ ಇದ್ದ ಬುಟ್ಟಿ ನನ್ನ ಖಾಲಿ ಕೈಗೆ ಸಿಗದ ಕಡೆ ಇದೆ ಅಂತ ತಿಳಿದದ್ದು ಆವಾಗಲೇ. ಡೈಪರ್ ಬದಲಿಸುವುದನ್ನು ಒಂದು ಕಡೆ ಕುಡಿದಾದ ಮೇಲೆ, ಇನ್ನೊಂದು ಕಡೆ ಕುಡಿಸುವ ಮುಂಚೆ ಮುಗಿಸಬೇಕು ಅಂತಲೂ ಅಂದೇ ತೀರ್ಮಾನಿಸಿದೆ. ಆಮೇಲೆ ತೇಗಿಸಿ ನೇರ ಮಲಗಿಸಬಹುದು, ನಿದ್ದೆ ಹತ್ತಿದ ಮಗುವನ್ನು ಮತ್ತೆ ಎಬ್ಬಿಸುವ ಕೆಲಸ ಇಲ್ಲ.

ಗಂಟನ್ನು ಕಾಟಿನೊಳಗೆ ಇಳಿಸುವಾಗ ಕಂಬಿ ಹೊಟ್ಟೆಗೆ ಒತ್ತಿತು. ನನಗೆ ಸಿಸೇರಿಯನ್ ಅಂತ ಮೊದಲೇ ಗೊತ್ತಿತ್ತು, ಹೊಲಿಗೆ ಮೇಲೆ ಅಷ್ಟು ಬಗ್ಗಲು ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನಕ್ಕವರ ಕೈಗೇ ಸ್ಪ್ಯಾನರ್ ಕೊಟ್ಟು ಹಾಸಿಗೆಯ ಮಟ್ಟವನ್ನು ಮೇಲಿನ ತೂತಿಗೆ ಏರಿಸಿಸಿದೆ. ಮಗು ಎದ್ದು ಕೂರಲು ಶುರು ಮಾಡುವ ಮುಂಚೆ ಅದನ್ನು ಮತ್ತೆ ಕೆಳಗಿಳಿಸಲು ನೆನಪಿರಲಿ ಅಂತ ಕಾಟಿನ ಕಾಲಿಗೆ ಒಂದು ಚೀಟಿಯನ್ನೂ ಅಂಟಿಸಿದೆ.