ಆ ಫೋಟೊದಲ್ಲಿರುವುದು ಕೀಲಾಯ್ಡ್ ಆಗಿರಲಾರದು

ಗಾಯ ಮಾಗಿದ ಮೇಲೆ ಅದರ ಎಲ್ಲೆ ದಾಟಿ ಗಂಟಾಗಿ ಬೆಳೆಯುವ ಕಲೆಯೇ ಕೀಲಾಯ್ಡ್. ಅದು ಒಂದೇ ತಿಂಗಳಲ್ಲಿ ಕರಗಿತು ಎಂದು ಎಣ್ಣೆ, ಮುಲಾಮು ಮಾರುವವರು ಹಾಕುವ ಜೋಡಿ ಫೋಟೊಗಳನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನ ಒಂದು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಕಲೆ, ಗಂಟುಗಳ ಫೋಟೊ ತೆಗೆಯುವುದು ನನ್ನ ಕೆಲಸ. ರೋಗ ಯಾವುದೆಂದು ಹೇಳುವವರು ವೈದ್ಯರು. ಆದರೆ ಫೋಟೊ ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎನ್ನುವುದನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಹಾಗೆ ಕರಗಿದ ಗಂಟುಗಳಲ್ಲಿ ಬಹಳಷ್ಟು ಕೀಲಾಯ್ಡ್ ಆಗಿರಲಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅವು ಹೈಪರ್‌ಟ್ರೋಫಿಕ್ ಕಲೆಗಳು, ಅಂದರೆ ಗಾಯದ ಎಲ್ಲೆಯೊಳಗೇ ಉಬ್ಬುವ ಕಲೆಗಳು. ಏನೂ ಹಚ್ಚದಿದ್ದರೂ ಕಾಲ ಕಳೆದಂತೆ ಇಳಿಯುವ ಸ್ವಭಾವ ಅವುಗಳದು.

ನಮ್ಮ ಬೀದಿಯ ಒಂದು ಮನೆಯಲ್ಲಿ ಇವೆರಡೂ ಒಟ್ಟಿಗೇ ಇದ್ದವು. ತಾಯಿಗೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳಾಗಿತ್ತು. ಮಗಳು ಹತ್ತು ತಿಂಗಳ ಹಿಂದೆ ಕಿವಿಹಾಲೆಗೆ ಎರಡನೆಯ ತೂತು ಹಾಕಿಸಿಕೊಂಡಿದ್ದಳು. ಇಬ್ಬರಿಗೂ ಉಬ್ಬು, ಇಬ್ಬರಿಗೂ ತುರಿಕೆ. “ಇದು ನಮ್ಮ ವಂಶಕ್ಕೇ ಬಂದ ಒಂದೇ ಕಾಯಿಲೆ ಅಲ್ಲವೇನಪ್ಪಾ?” ಎಂದು ಆಕೆ ಕೇಳಿದರು. ಮಗಳು ಆಗಲೇ ಯಾರದೋ ಫೋಟೊಗಳನ್ನು ನಂಬಿ ಒಂದು ಎಣ್ಣೆಯನ್ನು ತರಿಸಿಕೊಂಡು ಹಚ್ಚುತ್ತಿದ್ದಳು.

ಮೊದಲು ತಾಯಿಯ ಮಂಡಿಯನ್ನು ನೋಡೋಣ. ಮಂಡಿಯ ನಡುವೆ ಮೇಲಿನಿಂದ ಕೆಳಗೆ ಕೆಂಗಂದು ಬಣ್ಣದ ಉಬ್ಬಿದ ಗೆರೆ. ಅದರ ಎರಡೂ ಬದಿಗೆ, ಪಿನ್ನು ಹಾಕಿ ತೆಗೆದ ಜಾಗದಲ್ಲಿ, ಸಾಲಾಗಿ ಸಣ್ಣ ಚುಕ್ಕೆಗಳು. ಫೋಟೊವನ್ನು ದೊಡ್ಡದು ಮಾಡಿ ಆ ಚುಕ್ಕೆಗಳನ್ನು ನೋಡಬೇಕು. ಅವು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು, ಉಬ್ಬು ಆ ಎರಡು ಸಾಲುಗಳ ನಡುವೆಯೇ ನಿಂತಿತ್ತು. ಅಂದರೆ ಗಾಯ ಎಷ್ಟು ಅಗಲವಿತ್ತೋ ಕಲೆಯೂ ಅಷ್ಟೇ. ಹೈಪರ್‌ಟ್ರೋಫಿಕ್ ಕಲೆಯ ಮುಖ್ಯ ಗುರುತು ಇದು: ಎತ್ತರಕ್ಕೆ ಬೆಳೆಯುತ್ತದೆ, ಗಾಯದ ಎಲ್ಲೆ ದಾಟುವುದಿಲ್ಲ. ಸಾಮಾನ್ಯವಾಗಿ ಗಾಯವಾಗಿ ಒಂದೆರಡು ತಿಂಗಳೊಳಗೆ ತಲೆಯೆತ್ತಿ, ಕೆಲವು ತಿಂಗಳು ಬೆಳೆದು, ಆಮೇಲೆ ನಿಧಾನವಾಗಿ ಇಳಿಯತೊಡಗುತ್ತದೆ. ಪೂರ್ತಿ ತಣ್ಣಗಾಗಲು ವರ್ಷ, ಎರಡು ವರ್ಷವೂ ಬೇಕಾಗಬಹುದು. ಮಂಡಿಯಂತೆ ಚರ್ಮ ಸದಾ ಎಳೆತಕ್ಕೆ ಸಿಗುವ ಜಾಗದಲ್ಲಿ ಇದು ಹೆಚ್ಚು.

ಕೀಲಾಯ್ಡ್ ಈ ಎಲ್ಲೆಯನ್ನು ಗೌರವಿಸುವುದಿಲ್ಲ. ಗಾಯವೇ ಆಗಿರದ ಪಕ್ಕದ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ. ಎದೆಯ ನಡುವಿನ ಶಸ್ತ್ರಚಿಕಿತ್ಸೆಯ ಗೆರೆಯಲ್ಲಿ ಅದು ಬಂದರೆ ಹೊಲಿಗೆಯ ಗುರುತುಗಳನ್ನೆಲ್ಲ ನುಂಗಿ ಎಡಬಲಕ್ಕೆ ಚಾಚಿಕೊಂಡಿರುವುದು ಫೋಟೊದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕಿವಿಯ ತೂತಿನಲ್ಲಿ ಈ ಅಳತೆಗೋಲು ಸುಲಭವಾಗಿ ಕೈಗೆ ಸಿಗುವುದಿಲ್ಲ. ಗಾಯವೇ ಒಂದು ಮಿಲಿಮೀಟರಿನಷ್ಟು. ಅಲ್ಲಿ ಯಾವ ಗಂಟು ಬಂದರೂ ತೂತಿಗಿಂತ ದೊಡ್ಡದೇ ಆಗಿರುತ್ತದೆ. ಚುಚ್ಚಿದ ಕೆಲವೇ ವಾರಗಳಲ್ಲಿ ತೂತಿನ ಬಾಯಿಯಲ್ಲಿ ಕೆಂಪಗೆ, ಹಸಿಯಾಗಿ, ಮುಟ್ಟಿದರೆ ರಕ್ತ ಬರುವ ಸಣ್ಣ ಗುಳ್ಳೆ ಏಳುವುದುಂಟು. ಅದು ಇವೆರಡೂ ಅಲ್ಲ, ಉಜ್ಜಾಟದಿಂದಲೋ ಸೋಂಕಿನಿಂದಲೋ ಆದದ್ದು. ಅದನ್ನೂ ಜನ ಕೀಲಾಯ್ಡ್ ಎಂದೇ ಕರೆಯುತ್ತಾರೆ. ಆದ್ದರಿಂದ ಕಿವಿಯ ವಿಷಯದಲ್ಲಿ ನಾನು ಮೊದಲು ಕೇಳುವುದು ದಿನಾಂಕವನ್ನು. ಚುಚ್ಚಿದ್ದು ಯಾವಾಗ, ಗಂಟು ಮೊದಲು ಕೈಗೆ ಸಿಕ್ಕಿದ್ದು ಯಾವಾಗ, ಈಗಲೂ ಬೆಳೆಯುತ್ತಿದೆಯೇ?

ಆ ಹುಡುಗಿಯ ಉತ್ತರದಲ್ಲಿ ಎಲ್ಲವೂ ಇತ್ತು. ತೂತು ತೊಂದರೆಯಿಲ್ಲದೆ ಮಾಗಿತ್ತು. ಮೂರು ತಿಂಗಳು ದಾಟಿದ ಮೇಲೆ ಗಟ್ಟಿಯಾದ ಏನೋ ಕೈಗೆ ತಾಕಿತು, ಅಂದಿನಿಂದ ಒಮ್ಮೆಯೂ ಕುಗ್ಗಿಲ್ಲ. ಅವಳು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದ ಮುಂಭಾಗದ ಫೋಟೊದಲ್ಲಿ ಓಲೆಯ ಪಕ್ಕ ಸಣ್ಣದೊಂದು ಉಬ್ಬು ಬಿಟ್ಟರೆ ಏನೂ ಇರಲಿಲ್ಲ. ಮನೆಗೆ ಹೋದಾಗ ಕಿವಿಯನ್ನು ಮುಂದಕ್ಕೆ ಮಡಚಿ ಹಿಡಿಯಲು ಹೇಳಿದೆ. ಹಿಂದೆ, ಓಲೆಯ ತಿರುಪು ಕೂರುವ ಜಾಗದಲ್ಲಿ, ಅಡಿಕೆಯ ಗಾತ್ರದ ಗಂಟಿತ್ತು. ನುಣುಪಾದ ಹೊಳೆಯುವ ಚರ್ಮ, ನೇರಳೆ ಬೆರೆತ ಕಂದು ಬಣ್ಣ, ಒಂದು ಕೂದಲೂ ಇಲ್ಲ. ತೂತಿನ ಎರಡೂ ಕಡೆ ಬೆಳೆದು, ನಡುವೆ ಕಿವಿಹಾಲೆಯನ್ನು ಹಿಡಿದುಕೊಂಡಿತ್ತು. ಕಿವಿಯ ಕೀಲಾಯ್ಡ್‌ನ ದೊಡ್ಡ ಪಾಲು ಹೀಗೆ ಹಿಂದೆ ಅಡಗಿರುವುದು ಬಹಳ ಸಾಮಾನ್ಯ. ಮುಂದಿನಿಂದ ಮಾತ್ರ ತೆಗೆದ ಫೋಟೊ ಯಾವುದಕ್ಕೂ ಸಾಕಾಗದು.

ಬಣ್ಣದ ಬಗ್ಗೆಯೂ ಒಂದು ಮಾತು. ಹೈಪರ್‌ಟ್ರೋಫಿಕ್ ಕಲೆ ಕೆಂಪಗಿರುತ್ತದೆ, ಗುಲಾಬಿಯಾಗಿರುತ್ತದೆ ಎಂದು ಓದುತ್ತೇವೆ. ಆ ವಿವರಣೆ ಬಿಳಿಚರ್ಮದವರನ್ನು ನೋಡಿ ಬರೆದದ್ದು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಕಂದಿನೊಳಗೆ ಮುಳುಗಿಹೋಗುತ್ತದೆ, ಎರಡೂ ಕಲೆಗಳು ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಕಾಣುತ್ತವೆ. ಬರೀ ಬಣ್ಣವನ್ನು ನೋಡಿ ತೀರ್ಮಾನಿಸಬೇಡಿ.

ಈಗ ಬೆಳಕಿನ ವಿಷಯ. ಜಾಹೀರಾತಿನ ಮೋಸ ಇರುವುದು ಇಲ್ಲಿಯೇ. ಮೊಬೈಲಿನ ಫ್ಲ್ಯಾಶ್ ಲೆನ್ಸಿನ ಪಕ್ಕದಿಂದ ನೇರವಾಗಿ ಬೀಳುತ್ತದೆ, ನೆರಳು ಉಳಿಯುವುದಿಲ್ಲ. ನೆರಳಿಲ್ಲದಿದ್ದರೆ ಎತ್ತರ ಗೊತ್ತಾಗುವುದಿಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದಾಗ ಅದೇ ಉಬ್ಬು ಎದ್ದು ನಿಲ್ಲುತ್ತದೆ. ‘ಮೊದಲು’ ಎಂಬ ಫೋಟೊವನ್ನು ಕಿಟಕಿಯ ಪಕ್ಕ, ‘ನಂತರ’ ಎಂಬುದನ್ನು ಫ್ಲ್ಯಾಶ್ ಹಾಕಿ ತೆಗೆದರೆ ಯಾವ ಔಷಧಿಯೂ ಇಲ್ಲದೆ ಅರ್ಧ ಗಂಟು ಮಾಯವಾಗುತ್ತದೆ! ಆ ಮನೆಯಲ್ಲಿ ತಾಯಿಯ ಮಂಡಿಯನ್ನು ಒಂದೇ ನಿಮಿಷದಲ್ಲಿ ಎರಡೂ ಬಗೆಯಲ್ಲಿ ತೆಗೆದು ಮಗಳಿಗೆ ತೋರಿಸಿದೆ. ಅವಳು ಎರಡು ಫೋಟೊಗಳನ್ನೂ ಮತ್ತೆ ಮತ್ತೆ ನೋಡಿದಳು. ಎಣ್ಣೆಯ ಮಾತು ಅಲ್ಲಿಗೆ ನಿಂತಿತು.

ನೀವೇ ತೆಗೆಯುವುದಾದರೆ ಫ್ಲ್ಯಾಶ್ ಮತ್ತು ಚರ್ಮವನ್ನು ನುಣುಪು ಮಾಡುವ ಬ್ಯೂಟಿ ಮೋಡ್ ಎರಡನ್ನೂ ಆಫ್ ಮಾಡಿ. ಫೋನನ್ನು ಕಿವಿಗೆ ಅಂಟಿಸಿದಂತೆ ಹಿಡಿಯಬೇಡಿ, ಹತ್ತಿರದ ಭಾಗ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತದೆ. ಒಂದಡಿ ದೂರ ನಿಂತು ಸ್ವಲ್ಪ ಜೂಮ್ ಮಾಡಿ. ಪಕ್ಕದಲ್ಲಿ ಶಾಲೆಯ ಮಕ್ಕಳ ಸ್ಕೇಲ್ ಒಂದನ್ನು ಇಡಿ. ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಅದೇ ಕೋನ. ವೈದ್ಯರಿಗೆ ಒಂದು ಸುಂದರ ಫೋಟೊಗಿಂತ ಇಂತಹ ನಾಲ್ಕು ಸಾದಾ ಫೋಟೊಗಳು ಹೆಚ್ಚು ಹೇಳುತ್ತವೆ.

ಎರಡರ ಹೆಸರನ್ನು ಬೆರೆಸಿದರೆ ಏನಾಯಿತು ಎನ್ನುವವರಿಗೆ ನನ್ನ ಉತ್ತರ ಇದು. ಕೀಲಾಯ್ಡ್ ಅನ್ನು ಬರಿದೇ ಕತ್ತರಿಸಿ ತೆಗೆದರೆ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನರಲ್ಲಿ ಮತ್ತೆ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಹಾಗಾಗಿ ತೆಗೆದರೂ ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್, ಕಿವಿಯನ್ನು ಒತ್ತಿ ಹಿಡಿಯುವ ಕ್ಲಿಪ್, ಕೆಲವರಿಗೆ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಸಣ್ಣ ಅಂಗಡಿಯಲ್ಲೋ ಪಾರ್ಲರಿನಲ್ಲೋ ದಾರ ಕಟ್ಟಿಸಿ ಬೀಳಿಸಿಕೊಂಡವರ ಕಿವಿಗಳನ್ನು ಆಮೇಲೆ ನಾನು ಫೋಟೊ ತೆಗೆದಿದ್ದೇನೆ. ಅವರ ಸಂಕಟವನ್ನು ಕಂಡೇ ಇಷ್ಟು ಬರೆಯುತ್ತಿದ್ದೇನೆ.

ತಾಯಿಗೆ ವೈದ್ಯರು ಸಿಲಿಕೋನ್ ಹಾಳೆ ಕೊಟ್ಟು, ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಹಚ್ಚಿಕೊಂಡು ಕಾಯಲು ಹೇಳಿದರು. ಗೆರೆ ಈಗ ಚಪ್ಪಟೆಯಾಗುತ್ತಿದೆ. ಮಗಳಿಗೆ ನಾಲ್ಕು ವಾರಕ್ಕೊಮ್ಮೆ ಗಂಟಿನೊಳಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್. ಅದು ನೋಯುತ್ತದೆ, ಸುಳ್ಳು ಹೇಳಲಾರೆ. ಗಂಟು ಮೆತ್ತಗಾಗಿ ತಗ್ಗಿದೆ, ತುರಿಕೆ ನಿಂತಿದೆ, ಸೂಜಿ ಹಾಕಿದ ಜಾಗ ಸ್ವಲ್ಪ ಬೆಳ್ಳಗಾಗಿದೆ. ಗುಣವಾಯಿತು ಎಂದು ವೈದ್ಯರು ಇನ್ನೂ ಹೇಳಿಲ್ಲ, ಚಿಕಿತ್ಸೆ ನಿಂತ ಮೇಲೂ ಕನಿಷ್ಠ ಒಂದು ವರ್ಷ ನೋಡಬೇಕು. ಎಣ್ಣೆ ಮಾರುವವರು ಫೋಟೊ ಹಾಕಿದರೆ ನೀವೂ ಇದನ್ನೇ ಕೇಳಿ: ಕಿವಿಯ ಹಿಂಭಾಗ ಎಲ್ಲಿ, ಮತ್ತು ಚಿಕಿತ್ಸೆ ನಿಂತು ವರ್ಷವಾದ ಮೇಲಿನ ಫೋಟೊ ಎಲ್ಲಿ?