ನಮ್ಮ ವಾರ್ಡು ಈ ಸಲ ಯಾರಿಗೆ? ಮೀಸಲಾತಿ ಕರಡು ಪಟ್ಟಿ ಬಂದಾಗ ನೋಡಬೇಕಾದ ಲೆಕ್ಕ

ಶಿವಮೊಗ್ಗ ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ ಕಳೆದ ಚುನಾವಣೆ ನಡೆದದ್ದು 2018ರಲ್ಲಿ. ಮುಂದಿನದು ಯಾವಾಗ ಎಂದು ಹೋಟೆಲ್ ಟೇಬಲ್ಲುಗಳಲ್ಲಿ ನಡೆಯುವ ಚರ್ಚೆ ಎರಡೇ ನಿಮಿಷದಲ್ಲಿ 'ನಮ್ಮ ವಾರ್ಡು ಯಾರಿಗೆ ಹೋಗುತ್ತೆ' ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಕೇಳಿಸುವುದು ಒಂದೇ ಮಾತು: 'ಅದೆಲ್ಲ ಮೇಲಿನವರು ಕೂತು ಮಾಡ್ತಾರೆ ಬಿಡಿ.' ಇದು ಅರ್ಧ ಮಾತ್ರ ಸತ್ಯ. ಎಷ್ಟು ವಾರ್ಡು ಯಾರಿಗೆ ಎಂಬುದು ಬರೀ ಲೆಕ್ಕ, ಅಲ್ಲಿ ಕೈಚಳಕಕ್ಕೆ ಜಾಗ ಕಡಿಮೆ. ಆಟ ಇರುವುದು ಯಾವ ವಾರ್ಡು ಎಂಬಲ್ಲಿ.

ಮೊದಲು ಎಷ್ಟು ಎಂಬುದನ್ನು ನೋಡೋಣ. ಪಾಲಿಕೆ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಅವರ ಜನಸಂಖ್ಯೆಯ ಪ್ರಮಾಣದಲ್ಲಿ ಸ್ಥಾನ. ಉದಾಹರಣೆಗೆ ಎಸ್‌ಸಿ ಶೇಕಡಾ 13, ಎಸ್‌ಟಿ ಶೇಕಡಾ 3 ಅಂದುಕೊಳ್ಳಿ (ಇದು ಲೆಕ್ಕ ತೋರಿಸಲು ಹಿಡಿದ ಅಂಕಿ, ನಮ್ಮೂರ ಜನಗಣತಿ ಅಲ್ಲ). 35ರಲ್ಲಿ 4.55 ಮತ್ತು 1.05. ಅಂದರೆ 5 ಮತ್ತು 1, ಒಟ್ಟು 6. ಹಿಂದುಳಿದ ವರ್ಗಕ್ಕೆ ಕಾಯ್ದೆ ಹೇಳುವುದು ಮೂರನೇ ಒಂದು ಭಾಗ. ಅದು 11.67, ಸಮೀಪದ ಅಂಕಿ 12. ಆದರೆ 12 ಕೊಡಲು ಆಗುವುದಿಲ್ಲ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ ಮೂರೂ ಸೇರಿ ಶೇಕಡಾ 50 ದಾಟಬಾರದು ಎಂದು ಸುಪ್ರೀಂ ಕೋರ್ಟು 2010ರ ಕೃಷ್ಣಮೂರ್ತಿ ಪ್ರಕರಣದಲ್ಲೇ ಹೇಳಿದೆ. 35ರ ಅರ್ಧ ಹದಿನೇಳೂವರೆ, ಹಾಗಾಗಿ ಗರಿಷ್ಠ 17. ಆರು ಕಳೆದರೆ ಹಿಂದುಳಿದ ವರ್ಗಕ್ಕೆ ಉಳಿಯುವುದು 11. ಎಸ್‌ಸಿ, ಎಸ್‌ಟಿ ಜನಸಂಖ್ಯೆ ಹೆಚ್ಚಿರುವ ಊರಿನಲ್ಲಿ ಈ 11 ಇನ್ನೂ ಇಳಿಯುತ್ತದೆ. 'ನಮ್ಮ ಪಾಲು ಕದ್ದರು' ಎಂಬ ಕೂಗು ಅಲ್ಲಿಂದಲೇ ಏಳುವುದು.

ಆ 11ರಲ್ಲಿ ಶೇಕಡಾ 80 ಬಿಸಿಎಂ-ಎ, ಉಳಿದದ್ದು ಬಿಸಿಎಂ-ಬಿ. ಅಂದರೆ 9 ಮತ್ತು 2. ಇಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಾಲೇಜು ಸೀಟಿಗೆ, ಕೆಲಸಕ್ಕೆ ಇರುವ ಪ್ರವರ್ಗ-1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆ ಬೇರೆ, ಸ್ಥಳೀಯ ಸಂಸ್ಥೆಗಳ ಎ, ಬಿ ಬೇರೆ. ನಮ್ಮ ಕಡೆಯ ಈಡಿಗರು, ಮುಸ್ಲಿಮರು ಎ ಗುಂಪಿಗೆ ಬರುತ್ತಾರೆ, ಒಕ್ಕಲಿಗರು, ಲಿಂಗಾಯತರು ಬಿ ಗುಂಪಿಗೆ. ಬಿಸಿಎಂ-ಬಿಗೆ ಇಡೀ ಊರಲ್ಲಿ ಎರಡೇ ವಾರ್ಡು ಎಂದಾಗ ಸಾಮಾನ್ಯ ವಾರ್ಡಿನ ಟಿಕೆಟ್ಟಿಗೆ ಯಾಕೆ ಅಷ್ಟು ನೂಕುನುಗ್ಗಲು ಎಂಬುದು ಅರ್ಥವಾಗುತ್ತದೆ.

ಮಹಿಳೆಯರ ಮೀಸಲು ಇದರ ಮೇಲೆ ಬೀಳುವ ಅಡ್ಡ ಗೆರೆ. ಅದಕ್ಕೆ ಪ್ರತ್ಯೇಕ ವಾರ್ಡುಗಳಿಲ್ಲ, ಪ್ರತಿ ಗುಂಪಿನ ಒಳಗೇ ಅರ್ಧದಷ್ಟನ್ನು ಮೀರದಂತೆ ತೆಗೆಯಬೇಕು. ಎಸ್‌ಸಿ 5ರಲ್ಲಿ 2, ಬಿಸಿಎಂ-ಎ 9ರಲ್ಲಿ 4, ಬಿ 2ರಲ್ಲಿ 1, ಸಾಮಾನ್ಯ 18ರಲ್ಲಿ 9, ಎಸ್‌ಟಿ ಒಂದೇ ಇರುವುದರಿಂದ ಸೊನ್ನೆ. ಕೂಡಿದರೆ 16. 'ಶೇಕಡಾ 50' ಎಂದು ಭಾಷಣದಲ್ಲಿ ಹೇಳಿದ್ದು ಬೆಸ ಸಂಖ್ಯೆಗಳ ಸಂದಿಯಲ್ಲಿ ಹೀಗೆ ಸೋರುತ್ತದೆ. ಒಂದೇ ಸ್ಥಾನವಿರುವ ಗುಂಪಿನ ಹೆಣ್ಣುಮಕ್ಕಳಿಗೆ ನಷ್ಟ ಹೆಚ್ಚು.

ಇನ್ನು ಆವರ್ತನ, ಜನರ ಬಾಯಲ್ಲಿ ರೊಟೇಷನ್. ಎಸ್‌ಸಿ ವಾರ್ಡು ಗುರುತಿಸುವಾಗ ಎಲ್ಲ 35 ವಾರ್ಡುಗಳನ್ನು ಎಸ್‌ಸಿ ಜನಸಂಖ್ಯೆಯ ಪ್ರಮಾಣದ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸುತ್ತಾರೆ. ಮೊದಲ ಸಲ 1ರಿಂದ 5ನೇ ಸ್ಥಾನದವು, ಮುಂದಿನ ಸಲ ಅವನ್ನು ಬಿಟ್ಟು 6ರಿಂದ 10. ಕಾಗದದ ಮೇಲೆ ಚೆನ್ನಾಗಿದೆ. ಆದರೆ 35ನ್ನು 5ರಿಂದ ಭಾಗಿಸಿ ನೋಡಿ: ಪೂರ್ತಿ ಸುತ್ತು ಮುಗಿಯಲು 7 ಚುನಾವಣೆ, 35 ವರ್ಷ. ನಾಲ್ಕೈದನೇ ಚುನಾವಣೆಗೆ ಬರುವಷ್ಟರಲ್ಲಿ ಮೀಸಲು ವಾರ್ಡಿನಲ್ಲಿ ದಲಿತರ ಮನೆ ಬೆರಳೆಣಿಕೆಯಷ್ಟು, ಅವರು ಹೆಚ್ಚಿರುವ ವಾರ್ಡು ಸಾಮಾನ್ಯ. ಮಹಿಳಾ ಮೀಸಲಿನದು ಇದಕ್ಕೆ ತದ್ವಿರುದ್ಧ, ಎರಡೇ ಚುನಾವಣೆಯಲ್ಲಿ ಸುತ್ತು ಮುಗಿಯುತ್ತದೆ. ಅದಕ್ಕೇ ಒಂದು ಅವಧಿ ಕಷ್ಟಪಟ್ಟು ಕೆಲಸ ಕಲಿತ ಸದಸ್ಯೆಯ ವಾರ್ಡು ಮುಂದಿನ ಸಲ ಸಾಮಾನ್ಯವಾಗಿ, ಟಿಕೆಟ್ಟು ಅವರ ಯಜಮಾನರಿಗೆ ಹೋಗುತ್ತದೆ. ಸಾಮಾನ್ಯ ವಾರ್ಡಿನಲ್ಲೂ ಹೆಂಗಸರು ನಿಲ್ಲಬಹುದು ಎಂಬುದು ಪಕ್ಷಗಳ ಕಚೇರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನನ್ನ ಕೇಳಿದರೆ ಮಹಿಳಾ ಮೀಸಲನ್ನು ಎರಡು ಅವಧಿಗೊಮ್ಮೆ ಬದಲಿಸಬೇಕು. ಸಂವಿಧಾನದ 243ಟಿ ವಿಧಿ 'ಆವರ್ತನದಿಂದ ಹಂಚಬಹುದು' ಎನ್ನುತ್ತದೆ, ಐದು ವರ್ಷಕ್ಕೇ ಬದಲಿಸಿ ಎಂದು ಅಲ್ಲೆಲ್ಲೂ ಬರೆದಿಲ್ಲ.

ಆವರ್ತನ ಕೆಡುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಲೆಕ್ಕ ಇಡುವ ರೀತಿ. ಒಂದು ವಾರ್ಡು ಕಳೆದ ಸಲ 'ಸಾಮಾನ್ಯ ಮಹಿಳೆ' ಆಗಿತ್ತು, ಈ ಸಲ 'ಬಿಸಿಎಂ-ಎ ಮಹಿಳೆ' ಆಯಿತು ಅಂದುಕೊಳ್ಳಿ. ವರ್ಗ ಬದಲಾಗಿದೆ, ಆವರ್ತನ ಪಾಲಿಸಿದ್ದೇವೆ ಎಂದು ಇಲಾಖೆ ಹೇಳಬಹುದು. ಆದರೆ ಮಹಿಳಾ ಮೀಸಲು ಅಲ್ಲೇ ಕೂತಿದೆ. ಪಕ್ಕದ ವಾರ್ಡು ಎರಡು ಅವಧಿಯೂ ಪುರುಷರ ಪಾಲಾಗುತ್ತದೆ. ಹಳೆ ಸದಸ್ಯರೊಬ್ಬರನ್ನು ಉಳಿಸಬೇಕಿದ್ದರೆ, ಇಲ್ಲ ಒಬ್ಬರನ್ನು ಎಬ್ಬಿಸಬೇಕಿದ್ದರೆ, ಇಷ್ಟು ಸಾಕು.

ಎರಡನೆಯದು ವಾರ್ಡು ಪುನರ್ವಿಂಗಡಣೆ. ಗೋಪಾಳದ ಎರಡು ಬೀದಿ ಆ ಕಡೆ, ವಿನೋಬನಗರದ ಒಂದು ತುಂಡು ಈ ಕಡೆ ಹೋಗಿ ನಂಬರು ಬದಲಾದರೆ, 'ಇದು ಹೊಸ ವಾರ್ಡು, ಇದಕ್ಕೆ ಹಿಂದಿನ ಮೀಸಲಾತಿ ಎಂಬುದೇ ಇಲ್ಲ' ಎಂದು ಸುತ್ತನ್ನು ಮೊದಲಿಂದ ಶುರು ಮಾಡಬಹುದು. ಮುಕ್ಕಾಲು ಮತದಾರರು ಹಳಬರೇ ಆಗಿದ್ದರೂ ಅಷ್ಟೇ. ಹೊರವಲಯದ ಹಳ್ಳಿ ಸೇರಿದಾಗ ಗಡಿ ಬದಲಾಗಲೇಬೇಕು, ಅದನ್ನು ತಪ್ಪೆನ್ನಲಾಗದು. ಗಡಿ ಅಷ್ಟೇನೂ ಅಲುಗದೆ ನಂಬರು ಮಾತ್ರ ಅದಲುಬದಲಾಗಿದ್ದರೆ ಅನುಮಾನಿಸಿ.

ಹಿಡಿಯುವುದು ಹೇಗೆ? ಕರಡು ಅಧಿಸೂಚನೆ ಬಂದ ದಿನವೇ 2018ರ ಮೀಸಲಾತಿ ಅಧಿಸೂಚನೆಯನ್ನು ಪಕ್ಕದಲ್ಲಿಟ್ಟು ಒಂದು ತಃಖ್ತೆ ಮಾಡಿ. ಹೊಸ ವಾರ್ಡು ಸಂಖ್ಯೆ, ಅದರ ಬಡಾವಣೆಗಳು, ಆ ಬಡಾವಣೆಗಳು 2018ರಲ್ಲಿದ್ದ ವಾರ್ಡು, ಅಂದಿನ ಮೀಸಲು, ಇಂದಿನ ಮೀಸಲು, ಎಸ್‌ಸಿ ಪ್ರಮಾಣ. ಸಂಖ್ಯೆ ನಂಬಬೇಡಿ, ಬಡಾವಣೆ ಹಿಡಿದು ಹೋಗಿ. 'ಮಹಿಳೆ' ಎಂಬುದಕ್ಕೆ ಬೇರೆಯದೇ ಕಾಲಂ ಇಟ್ಟರೆ ಮೇಲೆ ಹೇಳಿದ ಮೊದಲ ಆಟ ತಾನಾಗಿ ಕಾಣುತ್ತದೆ. ಎಸ್‌ಸಿ ಪ್ರಮಾಣದ ಪ್ರಕಾರ ಜೋಡಿಸಿದರೆ ಯಾವ ವಾರ್ಡನ್ನು ಹಾರಿಸಿದ್ದಾರೆ ಎಂಬುದೂ ಸಿಗುತ್ತದೆ.

ಆಕ್ಷೇಪಣೆಗೆ ಸಾಮಾನ್ಯವಾಗಿ ಸಿಗುವುದು 7 ದಿನ, ಅದರಲ್ಲಿ ಭಾನುವಾರವೂ ಸೇರಿರುತ್ತದೆ. 'ನಮ್ಮ ವಾರ್ಡಿಗೆ ಮೀಸಲಾತಿ ಬೇಡ' ಎಂದು ಐವತ್ತು ಸಹಿ ಹಾಕಿಸಿದ ಮನವಿ ಕಸದ ಬುಟ್ಟಿಗೆ. 'ಇಂಥ ವಾರ್ಡು ಎರಡನೇ ಸಲ ಮಹಿಳೆಗೆ ಹೋಗಿದೆ, ಇಂಥ ವಾರ್ಡು ಒಮ್ಮೆಯೂ ಹೋಗಿಲ್ಲ, ತಃಖ್ತೆ ಲಗತ್ತಿಸಿದೆ, ಇವೆರಡನ್ನು ಅದಲುಬದಲು ಮಾಡಿ' ಎಂದು ಒಂದೇ ಪುಟದಲ್ಲಿ ಬರೆದರೆ ಅದಕ್ಕೆ ಉತ್ತರಿಸದೆ ಅಂತಿಮ ಪಟ್ಟಿ ಹೊರಡಿಸುವುದು ಕಷ್ಟ. ಒಂದು ವಾರ್ಡು ತೆಗೆಯಿರಿ ಎಂದರೆ ಸಾಲದು, ಬದಲಿಗೆ ಯಾವುದು ಎಂಬುದನ್ನೂ ನೀವೇ ಹೇಳಬೇಕು. ಇಲ್ಲದಿದ್ದರೆ ಮೇಲಿನ ಒಟ್ಟು ಲೆಕ್ಕ ತಪ್ಪುತ್ತದೆ, ಅರ್ಜಿ ಬೀಳುತ್ತದೆ. ಸ್ವೀಕೃತಿ ಪಡೆಯದೆ ಕಚೇರಿ ಬಿಟ್ಟು ಬರಬೇಡಿ. ಬಿಬಿಎಂಪಿಯ 2022ರ ಮೀಸಲಾತಿ ಪಟ್ಟಿಯನ್ನು ಹೈಕೋರ್ಟು ರದ್ದು ಮಾಡಿದ ಮೇಲೆ ಕೋರ್ಟಿಗೆ ಹೋದರಾಯಿತು ಎನ್ನುವವರು ಹೆಚ್ಚಾಗಿದ್ದಾರೆ. ಚುನಾವಣೆ ಘೋಷಣೆಯಾದ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ, ಸಂವಿಧಾನದ 243ಝಡ್‌ಜಿ ವಿಧಿ ಇರುವುದೇ ಅದಕ್ಕೆ. ಹೋಗುವುದಿದ್ದರೆ ಅಂತಿಮ ಪಟ್ಟಿ ಬಂದ ವಾರದಲ್ಲೇ, ಆ ಸ್ವೀಕೃತಿ ಜೊತೆಗಿಟ್ಟುಕೊಂಡು ಹೋಗಿ.

ಮೇಯರ್ ಸ್ಥಾನದ ಮೀಸಲಾತಿ ಬೇರೆಯದೇ ಪಟ್ಟಿ, ಬೇರೆಯದೇ ರಾಜಕೀಯ. ಇದರ ಜೊತೆ ಅದನ್ನು ಕಲಸಬೇಡಿ. ಯಾರ ಹತ್ತಿರವಾದರೂ 2018ರ ವಾರ್ಡುವಾರು ಮೀಸಲಾತಿ ಅಧಿಸೂಚನೆಯ ಸ್ಪಷ್ಟ ಪ್ರತಿ ಇದ್ದರೆ ಕಮೆಂಟಿನಲ್ಲಿ ಹಾಕಿ, ತಃಖ್ತೆಯ ಹಳೆಯ ಕಾಲಂಗಳನ್ನು ಈಗಲೇ ತುಂಬಿಟ್ಟುಕೊಳ್ಳಬಹುದು.